ಸಂತಾಪ ಸಂದೇಶ: ಯಂತ್ರ ಬರೆದದ್ದನ್ನು ತಿದ್ದುವುದು ಹೇಗೆ?

2023ರ ಫೆಬ್ರುವರಿಯಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗುಂಡಿನ ದಾಳಿ ನಡೆದು ಮೂವರು ವಿದ್ಯಾರ್ಥಿಗಳು ಸತ್ತರು. ಕೆಲವೇ ದಿನಗಳಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೀಬಾಡಿ ಕಾಲೇಜಿನ ಕಚೇರಿಯೊಂದು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಇಮೇಲ್ ಕಳಿಸಿತು. ಅದು ಚಾಟ್‌ಜಿಪಿಟಿಯಿಂದ ಪಡೆದದ್ದೆಂಬ ಒಕ್ಕಣೆ ಕೊನೆಯಲ್ಲೇ ಇತ್ತು. ವಿದ್ಯಾರ್ಥಿಗಳು ಸಿಟ್ಟಾದರು, ಕಚೇರಿ ಕ್ಷಮೆ ಕೇಳಿತು.

ಸಾವಿನ ಸುದ್ದಿ ಬಂದಾಗ ಏನು ಬರೆಯಬೇಕೆಂದು ತೋಚದೆ ಯಂತ್ರದ ಮೊರೆಹೋಗುವವರು ಎಲ್ಲೆಡೆ ಇದ್ದಾರೆ. ಅಕೌಂಟ್ಸ್ ವಿಭಾಗದ ಸಹೋದ್ಯೋಗಿಯ ತಂದೆ ತೀರಿಕೊಂಡಿದ್ದಾರೆ ಎಂದುಕೊಳ್ಳಿ. ಯಂತ್ರ ಕೊಡುವ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

“ನಿಮ್ಮ ಪೂಜ್ಯ ತಂದೆಯವರ ನಿಧನದ ಸುದ್ದಿ ತಿಳಿದು ತೀವ್ರ ದುಃಖವಾಯಿತು. ಈ ಕಠಿಣ ಸಮಯದಲ್ಲಿ ನನ್ನ ಹೃತ್ಪೂರ್ವಕ ಸಂತಾಪಗಳು. ಅವರ ಸವಿನೆನಪುಗಳು ನಿಮಗೆ ಶಕ್ತಿ ನೀಡಲಿ. ಯಾವುದೇ ಸಹಾಯ ಬೇಕಿದ್ದಲ್ಲಿ ಸಂಪರ್ಕಿಸಲು ಹಿಂಜರಿಯಬೇಡಿ.”

ತಪ್ಪೇನೂ ಇಲ್ಲ. ಆದರೆ ಇದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು.

“ಇನ್ನಷ್ಟು ಆತ್ಮೀಯವಾಗಿ ಬರೆ” ಎಂದರೆ ಯಂತ್ರ ವಿಶೇಷಣಗಳನ್ನು ಪೇರಿಸುತ್ತದೆ, ಇಲ್ಲವೇ ಇಲ್ಲದ ನೆನಪನ್ನು ಕಟ್ಟಿಬಿಡುತ್ತದೆ. ಹಾಗಾಗಿ ಮೊದಲು “ತೀವ್ರ”, “ಹೃತ್ಪೂರ್ವಕ”, “ಕಠಿಣ ಸಮಯ” ಇವನ್ನೆಲ್ಲ ಹೊಡೆದುಹಾಕಬೇಕು. ಆ ಜಾಗಕ್ಕೆ ಬರೆಯುವವರಿಗೆ ನಿಜಕ್ಕೂ ಗೊತ್ತಿರುವ ಒಂದು ಸಂಗತಿ ಬರಬೇಕು. ಕೊನೆಯ ಸಾಲಿನ ಸಹಾಯಕ್ಕೂ ಒಂದು ರೂಪ ಬೇಕು. ಏನು ಬೇಕೆಂದು ಯೋಚಿಸಿ, ಬಾಯಿಬಿಟ್ಟು ಕೇಳುವ ಹೊರೆಯನ್ನು ಕರಡು ದುಃಖದಲ್ಲಿರುವವರ ಮೇಲೇ ಹೊರಿಸಿದೆ.

ತಿದ್ದಿದ ಮೇಲೆ:

“ಮೇಡಂ, ಅಪ್ಪ ಹೋಗಿಬಿಟ್ಟರಂತೆ, ಬೆಳಿಗ್ಗೆ ಗೊತ್ತಾಯಿತು. ತುಂಬಾ ಬೇಜಾರಾಯಿತು. ಹೋದ ವರ್ಷ ಆಫೀಸಿಗೆ ಬಂದಾಗ ನಿಮ್ಮ ಟೇಬಲ್ ಪಕ್ಕ ಕೂತು, ‘ಇವಳು ಮಧ್ಯಾಹ್ನ ಊಟ ಮಾಡ್ತಾಳಾ?’ ಅಂತ ನನ್ನನ್ನು ಕೇಳಿದ್ದರು. ಈ ತಿಂಗಳ ಜಿಎಸ್‌ಟಿ ರಿಟರ್ನ್ 20ರೊಳಗೆ ನಾನು ಹಾಕುತ್ತೇನೆ, ಸಾಹೇಬರಿಗೂ ಹೇಳಿದ್ದೇನೆ. ಕಾರ್ಯವೆಲ್ಲ ಮುಗಿಸಿಕೊಂಡು ಬನ್ನಿ. ಇದಕ್ಕೆ ಉತ್ತರ ಬರೆಯಬೇಕಿಲ್ಲ.”

ಇಲ್ಲಿ ದುಃಖಕ್ಕೆ ಮೀಸಲಾದದ್ದು ಎರಡೇ ಪದ. ಆತ್ಮೀಯತೆಯೆಲ್ಲ ಊಟದ ಆ ಪ್ರಶ್ನೆಯಲ್ಲಿದೆ. ಸಂಯಮ ಇರುವುದು ಬಿಟ್ಟ ಮಾತುಗಳಲ್ಲಿ: ಏನಾಗಿತ್ತು ಎಂದು ಕೇಳಿಲ್ಲ, “ವಯಸ್ಸಾಗಿತ್ತಲ್ಲ” ಎಂಬ ಸಮಾಧಾನವಿಲ್ಲ, ತನ್ನ ಅಪ್ಪ ತೀರಿಕೊಂಡಾಗ ಹೇಗಾಗಿತ್ತು ಎಂಬ ಕಥೆಯೂ ಇಲ್ಲ. ಆ ಮನೆಯವರ ನಂಬಿಕೆ ಗೊತ್ತಿಲ್ಲದಿದ್ದರೆ ಸದ್ಗತಿ, ಸ್ವರ್ಗದ ಮಾತನ್ನೂ ಬಿಡುವುದೇ ಸರಿ.

ತೀರಿಕೊಂಡವರನ್ನು ನೋಡಿಯೇ ಇಲ್ಲದಿದ್ದರೆ? ಆಗ ಮಗಳ ಬಾಯಲ್ಲಿ ಕೇಳಿದ್ದು ಸಾಕು: “ಅಪ್ಪನ ತೋಟದ ಮಾತು ನೀವು ಎಷ್ಟೋ ಸಲ ಹೇಳಿದ್ದಿರಿ.” ಅದೂ ಇಲ್ಲದಿದ್ದರೆ ಸುದ್ದಿ ತಿಳಿಯಿತು, ಬೇಜಾರಾಯಿತು, ಇಂಥ ಕೆಲಸ ನೋಡಿಕೊಳ್ಳುತ್ತೇನೆ ಎಂಬ ಮೂರು ಸಾಲು ಬರೆದು ನಿಲ್ಲಿಸಬಹುದು. ಕಳಿಸುವ ಮುನ್ನ ಹೋದವರು ತಂದೆಯೋ ಮಾವನೋ ಎಂದು ಖಚಿತಪಡಿಸಿಕೊಳ್ಳಬೇಕು. ಸಂದೇಶವನ್ನು ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕದೆ ನೇರವಾಗಿ ಅವರಿಗೇ ಕಳಿಸಬೇಕು.