ಫೇಲಾದ ಉತ್ತರ ಪತ್ರಿಕೆಯ ಲೆಕ್ಕ

ಮಗ್ರಿಬ್ ಬಳಿಕ ನಾವು ಮಕ್ಕಳಿಗೆ ಪಾಠ ಹೇಳುವ ಕೋಣೆಗೆ 2025ರ ಮೇ ತಿಂಗಳಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹುಡುಗಿ ಫೇಲ್. "ಒಟ್ಟು 36 ಬಂದಿದೆಯಲ್ಲ, ಮತ್ತೆ ಫೇಲ್ ಹೇಗೆ?" ಎಂಬುದು ತಾಯಿಯ ಪ್ರಶ್ನೆ. ಶಾಲೆ ಕೊಡುವ ಆಂತರಿಕ ಅಂಕ 20ರಲ್ಲಿ 17 ಬಂದಿತ್ತು. ಲಿಖಿತ ಪರೀಕ್ಷೆಯ 80ರಲ್ಲಿ ಬಂದದ್ದು 19 ಮಾತ್ರ. ಆಗಿನ ನಿಯಮದಂತೆ ಲಿಖಿತದಲ್ಲಿಯೇ 28 ಬೇಕಿತ್ತು. (ಆ ಬಳಿಕ ನಿಯಮ ಬದಲಾಗಿದೆ, ಈ ವರ್ಷದ ಲೆಕ್ಕವನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ.) ಅಂದರೆ ಕೊರತೆ 9 ಅಂಕ.

ಆ ವರ್ಷ ಫಲಿತಾಂಶ ಮೇ 2ಕ್ಕೆ ಬಂದಿತ್ತು, ಎರಡನೇ ಪರೀಕ್ಷೆ ಮೇ 26ಕ್ಕೆ ಆರಂಭ. ಮನೆಯಲ್ಲಿ ಮಾಡಿದ್ದ ಯೋಜನೆ ಹೀಗಿತ್ತು: ಪುಸ್ತಕವನ್ನು ಮೊದಲ ಪಾಠದಿಂದ ಮತ್ತೆ ಓದುವುದು, ದಿನಕ್ಕೆ ಎಂಟು ಗಂಟೆ. ವರ್ಷವಿಡೀ ಮಾಡಿದ್ದನ್ನೇ ಮೂರು ವಾರದಲ್ಲಿ ಅವಸರದಿಂದ ಮಾಡುವ ಯೋಜನೆ ಅದು. ನಾವು ಅದನ್ನು ಒಪ್ಪಲಿಲ್ಲ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿಸಿದೆವು. ಶುಲ್ಕ ಕಟ್ಟಿದರೆ ಪರೀಕ್ಷಾ ಮಂಡಳಿ ಅದನ್ನು ಕೊಡುತ್ತದೆ. ಹೆಚ್ಚಿನವರು ಮರುಮೌಲ್ಯಮಾಪನಕ್ಕೆಂದು ಮಾತ್ರ ಅದನ್ನು ತರಿಸುತ್ತಾರೆ. ನಮಗೆ ಬೇಕಿದ್ದದ್ದು ಬೇರೆ. ಪ್ರತಿ ಬರುವುದು ತಡವಾದರೆ ಪ್ರಶ್ನೆ ಪತ್ರಿಕೆ ಇಟ್ಟುಕೊಂಡು, ಅಂದು ಬರೆದದ್ದನ್ನು ನೆನಪಿನಿಂದ ಮತ್ತೆ ಬರೆಸಿ ನೋಡಬಹುದು.

ಪ್ರತಿ ಬಂದ ಮೇಲೆ ಮಂಡಳಿಯ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟು, ಹೋದ 61 ಅಂಕಗಳನ್ನು ಮೂರು ಪಾಲು ಮಾಡಿದೆವು. ಬರೆಯದೆ ಬಿಟ್ಟದ್ದು 28. ವಿಧಾನವೇ ಗೊತ್ತಿಲ್ಲದೆ ತಪ್ಪಾದದ್ದು 22. ವಿಧಾನ ಸರಿಯಿದ್ದೂ ನಡುವೆ ಎಡವಿದ್ದು 11.

ಎಡವಿದ್ದನ್ನೇ ಮೊದಲು ನೋಡಿದೆವು, ಏಕೆಂದರೆ ಅದಕ್ಕೆ ಹೊಸ ಪಾಠ ಬೇಡ. 2, 7, 12 ಎಂಬ ಸಮಾಂತರ ಶ್ರೇಢಿಯ 20ನೇ ಪದ 2 + 19 × 5, ಅಂದರೆ 97. ಆಕೆ 19ರ ಜಾಗದಲ್ಲಿ 20 ಹಾಕಿ 102 ಬರೆಯುವವಳು. ವರ್ಗಸಮೀಕರಣದಲ್ಲಿ b ಋಣ ಸಂಖ್ಯೆಯಾದಾಗಲೆಲ್ಲ –b ಚಿಹ್ನೆ ಬದಲಾಗುತ್ತಿರಲಿಲ್ಲ. 2x² – 5x + 3 = 0 ಎಂಬುದಕ್ಕೆ 1 ಮತ್ತು 3/2 ಬರಬೇಕಾದಲ್ಲಿ –1 ಮತ್ತು –3/2 ಬರೆಯುತ್ತಿದ್ದಳು. "ಗಮನವಿಟ್ಟು ಬರೆ" ಎಂದು ಹೇಳಿದರೆ ಇದು ಸರಿಹೋಗುವುದಿಲ್ಲ. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡುವ ಅಭ್ಯಾಸ ಮಾಡಿಸಿದೆವು. –1 ಹಾಕಿದರೆ 2 + 5 + 3 = 10 ಆಗುತ್ತದೆ, ಸೊನ್ನೆಯಾಗುವುದಿಲ್ಲ; ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಬಿಟ್ಟ 28ರಲ್ಲಿ 21 ಅಂಕ ಪತ್ರಿಕೆಯ ಕೊನೆಯ ಪ್ರಶ್ನೆಗಳದ್ದು: ನಾಲ್ಕು ಅಂಕದ ನಾಲ್ಕು, ಐದು ಅಂಕದ ಒಂದು. ಗೊತ್ತಿಲ್ಲದೆ ಬಿಟ್ಟೆಯಾ ಎಂದು ಕೇಳಿದರೆ, "ಅಲ್ಲಿಗೆ ತಲುಪಲೇ ಇಲ್ಲ" ಎಂದಳು. ಮೂರು ಅಂಕದ ತ್ರಿಕೋನಮಿತಿ ಲೆಕ್ಕಗಳಲ್ಲಿ ಬರೆದು ಹೊಡೆದುಹಾಕಿದ ಸಾಲುಗಳು ಪುಟ ತುಂಬಿದ್ದವು. ಸಮಯ ಹೋದದ್ದು ಅಲ್ಲಿ. ಹಾಗಾಗಿ ಬರೆಯುವ ಕ್ರಮವನ್ನೇ ಬದಲಿಸಿದೆವು. ಒಂದು ಅಂಕದವು ಮುಗಿದ ಕೂಡಲೇ ನಕ್ಷೆಯ ಪ್ರಶ್ನೆ ಮತ್ತು ಪ್ರಮೇಯ, ಆಮೇಲೆ ಎರಡು ಅಂಕದವು, ಕೊನೆಗೆ ಮೂರರವು. ನಕ್ಷೆ ಬಿಡಿಸುವುದಕ್ಕೆ ಪ್ರತಿಭೆ ಬೇಡ. x + y = 5, 2x – y = 4 ಎಂದಿದ್ದರೆ ಪ್ರತಿಯೊಂದಕ್ಕೂ ಪುಟ್ಟ ಕೋಷ್ಟಕ ಬರೆದು, ಬಿಂದು ಗುರುತಿಸಿ, ಎರಡು ಗೆರೆ ಎಳೆದರೆ ಅವು (3, 2)ರಲ್ಲಿ ಸೇರುತ್ತವೆ. ದಿನಕ್ಕೊಂದು ನಕ್ಷೆ, ಒಂದು ಪ್ರಮೇಯ, ಅಸರ್ ಬಳಿಕ ಅರ್ಧ ಗಂಟೆ.

ಹತ್ತನೇ ದಿನ ಹಳೆಯ ಪತ್ರಿಕೆ ಕೊಟ್ಟು ಪರೀಕ್ಷೆಯಷ್ಟೇ ಹೊತ್ತು, ಮೂರೂ ಕಾಲು ಗಂಟೆ, ಕೂರಿಸಿದೆವು. ಬಂದದ್ದು 29. ತಾಯಿಗೆ ಸಮಾಧಾನವಾಯಿತು, ನಮಗೆ ಆಗಲಿಲ್ಲ. ಮನೆಯ ಮೌಲ್ಯಮಾಪನ ಯಾವಾಗಲೂ ಸ್ವಲ್ಪ ಉದಾರ. ಒಂದು ಅಂಕದ ಅಂತರವನ್ನು ನಂಬಿ ಕೂರಲಾಗದು. ಅದೇ ಮೂರು ಪಾಲಿನ ಲೆಕ್ಕ ಮತ್ತೆ ಹಾಕಿದೆವು. ಎಡವಿದ್ದು 11ರಿಂದ 5ಕ್ಕೆ, ಬಿಟ್ಟದ್ದು 28ರಿಂದ 14ಕ್ಕೆ ಇಳಿದಿತ್ತು. ವಿಧಾನ ಗೊತ್ತಿಲ್ಲದೆ ತಪ್ಪಾದದ್ದು ಮಾತ್ರ 22ರಿಂದ 32ಕ್ಕೆ ಏರಿತ್ತು. ಸಮಯ ಉಳಿದದ್ದರಿಂದ ಮೊದಲು ಮುಟ್ಟದಿದ್ದ ಪ್ರಶ್ನೆಗಳಿಗೂ ಕೈಹಾಕಿದ್ದಳು, ಆದರೆ ಅವುಗಳ ಪಾಠವೇ ಬಂದಿರಲಿಲ್ಲ.

ಉಳಿದ ದಿನಗಳಲ್ಲಿ ಇಡೀ ಪುಸ್ತಕಕ್ಕೆ ಹೋಗುವ ಆಸೆ ನಮಗೂ ಆಯಿತು. ಹೋಗಲಿಲ್ಲ. ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಮಾತ್ರ ಹೊಸದಾಗಿ ಕಲಿಸಿದೆವು. ಅಲ್ಲಿ ಸೂತ್ರಕ್ಕೆ ಸಂಖ್ಯೆ ತುಂಬುವ ಕೆಲಸವೇ ಹೆಚ್ಚು. ತ್ರಿಕೋನಮಿತಿಯನ್ನು ಬೇಕೆಂದೇ ಬಿಟ್ಟೆವು. ಇದು ಪಾಸಾಗುವ ಮಟ್ಟಿಗಿನ ಯೋಜನೆ. ಮುಂದೆ ಪಿಯುಸಿಯಲ್ಲಿ ವಿಜ್ಞಾನ ಓದುವವರಿಗೆ ಆ ಪಾಠ ಬಿಟ್ಟರೆ ನಡೆಯದು ಎಂದು ತಾಯಿಗೂ ಮಗಳಿಗೂ ಹೇಳಿಯೇ ಬಿಟ್ಟದ್ದು.

ಎರಡನೇ ಪರೀಕ್ಷೆಯಲ್ಲಿ ಲಿಖಿತದಲ್ಲಿ 36 ಬಂತು. ತ್ರಿಕೋನಮಿತಿಯನ್ನು ಆಕೆ ಈಗ ರಜೆಯಲ್ಲಿ ನಿಧಾನವಾಗಿ ಕಲಿಯುತ್ತಿದ್ದಾಳೆ.