ಬಂಡೆ ಕೊಳೆಯುವುದು ಬೇರೆ, ಕೊಚ್ಚಿಹೋಗುವುದು ಬೇರೆ

‘ಶಿಥಿಲೀಕರಣಕ್ಕೂ ಸವೆತಕ್ಕೂ ಇರುವ ವ್ಯತ್ಯಾಸವನ್ನು ಚಿತ್ರ ಸಹಿತ ವಿವರಿಸಿ.’ ಒಂಬತ್ತನೇ ತರಗತಿಯ ಮಕ್ಕಳು ಈ ಪ್ರಶ್ನೆ ಕಂಡೊಡನೆ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ‘ಬಿಸಿಲು, ಮಳೆ, ಗಾಳಿ’, ಬಲಕ್ಕೆ ‘ನದಿ, ಮಳೆ, ಗಾಳಿ’. ಮಳೆ ಎರಡೂ ಕಡೆ ಬಂದ ಮೇಲೆ ವ್ಯತ್ಯಾಸ ಉಳಿಯುವುದೆಲ್ಲಿ? ಕೆಲಸ ಮಾಡುವವರ ಪಟ್ಟಿ ಕೊಟ್ಟರೆ ಕೆಲಸ ಏನೆಂದು ಹೇಳಿದಂತಾಗುವುದಿಲ್ಲ. ಎರಡನ್ನೂ ಬಿಡಿಸಿ ನೋಡಲು ಹಂಪಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಲ್ಲಿ ಒಂದರ ಮೇಲೊಂದು ಕೂತಿರುವ ದುಂಡು ಬಂಡೆಗಳನ್ನು ಯಾರೂ ಎತ್ತಿ ಇಟ್ಟಿಲ್ಲ, ಎಲ್ಲಿಂದಲೋ ಉರುಳಿಸಿಯೂ ತಂದಿಲ್ಲ. ಹಂಪಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಡಿಯಲ್ಲಿದ್ದಾಗಲೇ ಅದರಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕುಗಳು ಮೂಡಿ, ಇಡೀ ಶಿಲೆ ಚೌಕಾಕಾರದ ದಿಮ್ಮಿಗಳಾಗಿ ಸೀಳಿತ್ತು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿದು ಗ್ರಾನೈಟಿನ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನವಾಗಿ ಜೇಡಿಮಣ್ಣಾಗಿ ಮಾರ್ಪಡಿಸಿತು. ದಿಮ್ಮಿಯ ಮೂಲೆಗೆ ನೀರು ಮೂರು ಕಡೆಯಿಂದ ತಗಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೊದಲು ಕೊಳೆತದ್ದು ಮೂಲೆ, ಆಮೇಲೆ ಅಂಚು. ನಡುವೆ ಗಟ್ಟಿಯಾಗಿ ಉಳಿದದ್ದು ದುಂಡು ತಿರುಳು.

ಇಲ್ಲಿಯವರೆಗೆ ನಡೆದದ್ದಷ್ಟೂ ಶಿಥಿಲೀಕರಣ. ಬಂಡೆ ಸಡಿಲವಾಯಿತು, ಆದರೆ ಪುಡಿ ಇದ್ದಲ್ಲೇ ಇದೆ. ಗ್ರಾನೈಟ್ ನಾಡಿನಲ್ಲಿ ರಸ್ತೆಗಾಗಿ ದಿಬ್ಬ ಕಡಿದ ಕಡೆ ಇಂಥ ಕೊಳೆತ ಕಲ್ಲು ಕಾಣಸಿಗುತ್ತದೆ. ನೋಡಲು ಬಂಡೆಯೇ, ಹಳೆಯ ಬಿರುಕಿನ ಗೆರೆಗಳೂ ಹಾಗೆಯೇ ಇರುತ್ತವೆ. ಒಂದು ಚೂರು ತೆಗೆದು ಅಂಗೈಯಲ್ಲಿ ಹಿಸುಕಿದರೆ ಮಾತ್ರ ಉದುರಿಹೋಗುತ್ತದೆ. ಮಾಸಲು ಬಿಳಿಯ ಹುಡಿ ಒಂದು ಕಾಲದ ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವ ಗಡಸು ಕಾಳು ಬೆಣಚುಕಲ್ಲು.

ಈ ಪುಡಿಯನ್ನು ಹೊತ್ತೊಯ್ದದ್ದು ಸವೆತ. ಮಳೆ ಮೇಲ್ಮಣ್ಣನ್ನು ತೊಳೆಯಿತು, ಹಳ್ಳಗಳು ಅದನ್ನು ತುಂಗಭದ್ರೆಗೆ ಮುಟ್ಟಿಸಿದವು. ಜೇಡಿ ನೀರಿನಲ್ಲಿ ತೇಲಿ ದೂರ ಹೋಯಿತು, ಬೆಣಚು ಮರಳಾಗಿ ನದಿಪಾತ್ರದಲ್ಲಿ ತಂಗುತ್ತ ಸಾಗಿತು. ಸುತ್ತಲಿನ ಪುಡಿ ಹೋದಂತೆಲ್ಲ ದುಂಡು ತಿರುಳುಗಳು ಹೊರಬಿದ್ದು, ಕೆಳಗಿನ ಕಲ್ಲಿನ ಮೇಲೆಯೇ ಕುಳಿತವು. ಮಳೆ ಎರಡೂ ಪಟ್ಟಿಗಳಲ್ಲಿ ಬಂದದ್ದು ತಪ್ಪೇನಲ್ಲ. ಇಂಗಿದ ಮಳೆ ಕೊಳೆಸಿತು, ಹರಿದ ಮಳೆ ಸಾಗಿಸಿತು.

ಇಷ್ಟು ತಿಳಿದ ಹುಡುಗಿಯೊಬ್ಬಳು ಉತ್ತರ ಬರೆದರೆ ಹೀಗಿದ್ದೀತು:

‘ಶಿಲೆಗಳು ಬಿಸಿಲು, ನೀರು, ಗಾಳಿ ಮತ್ತು ಜೀವಿಗಳ ಪ್ರಭಾವದಿಂದ ಇದ್ದ ಸ್ಥಳದಲ್ಲಿಯೇ ಒಡೆಯುವುದು ಅಥವಾ ಕೊಳೆಯುವುದು ಶಿಥಿಲೀಕರಣ. ಶಿಲೆ ಮತ್ತು ಮಣ್ಣಿನ ಕಣಗಳನ್ನು ಹರಿಯುವ ನೀರು, ಗಾಳಿ, ಹಿಮನದಿ ಅಥವಾ ಅಲೆಗಳು ಕಿತ್ತು ಬೇರೆಡೆಗೆ ಸಾಗಿಸುವುದು ಸವೆತ. ಮೊದಲನೆಯದರಲ್ಲಿ ಕಣಗಳು ಸ್ಥಳ ಬಿಟ್ಟು ಸಾಗುವುದಿಲ್ಲ, ಎರಡನೆಯದರಲ್ಲಿ ಸಾಗುತ್ತವೆ. ಉದಾಹರಣೆಗೆ, ಹಂಪಿಯ ಗ್ರಾನೈಟ್ ನೆಲದಡಿಯಲ್ಲಿ ಕೊಳೆತು ಪುಡಿಯಾದದ್ದು ಶಿಥಿಲೀಕರಣ. ಆ ಪುಡಿಯನ್ನು ಮಳೆ ಮತ್ತು ಹಳ್ಳಗಳು ತುಂಗಭದ್ರಾ ನದಿಗೆ ಒಯ್ದದ್ದು ಸವೆತ.’

ಚಿತ್ರಕ್ಕೆ ಅರ್ಧ ಪುಟ ಸಾಕು. ಎಡದಲ್ಲಿ ಎತ್ತರ, ಬಲಕ್ಕೆ ಇಳಿಜಾರು, ತುದಿಯಲ್ಲಿ ನದಿ ಬರುವಂತೆ ಬೆಟ್ಟವನ್ನು ಸೀಳಿ ತೋರಿಸಬೇಕು. ಎಡಭಾಗದ ತಳದಲ್ಲಿ ಚೌಕ ದಿಮ್ಮಿಗಳು: ‘ಗಟ್ಟಿ ಗ್ರಾನೈಟ್’, ಅವುಗಳ ನಡುವಿನ ಗೆರೆಗಳಿಗೆ ‘ಬಿರುಕು’. ಅದರ ಮೇಲೆ ಚುಕ್ಕಿಗಳ ನಡುವೆ ಮೂರು ನಾಲ್ಕು ದುಂಡು ಆಕಾರ: ಚುಕ್ಕಿಗಳಿಗೆ ‘ಶಿಥಿಲಗೊಂಡ ಪುಡಿ’, ದುಂಡಿಗೆ ‘ಉಳಿದ ತಿರುಳು’. ಇಳಿಜಾರಿನಲ್ಲಿ ‘ಕೊರಕಲು’, ನದಿಯ ತಳದಲ್ಲಿ ‘ಮರಳು’. ಬಾಣದ ಗುರುತು ಹಾಕುವುದು ಕೊರಕಲಿನಿಂದ ನದಿಯವರೆಗೆ ಮಾತ್ರ, ಅದರ ಪಕ್ಕ ‘ಸವೆತ’. ‘ಶಿಥಿಲೀಕರಣ’ ಎಂದು ಬರೆದ ಎಡಭಾಗದಲ್ಲಿ ಬಾಣವೇ ಇರಕೂಡದು. ಅಂಕ ಹಾಕುವವರಿಗೆ ಹುಡುಗಿ ವಿಷಯ ಹಿಡಿದಿದ್ದಾಳೆಂದು ಗೊತ್ತಾಗುವುದು ಇಲ್ಲಿಯೇ.

ಪಠ್ಯದಲ್ಲಿರುವಷ್ಟು ಅಚ್ಚುಕಟ್ಟಾಗಿ ಪ್ರಕೃತಿ ನಡೆದುಕೊಳ್ಳುವುದಿಲ್ಲ. ಸುಣ್ಣಕಲ್ಲು ಆಮ್ಲೀಯ ನೀರಿನಲ್ಲಿ ಕರಗಿದಾಗ, ಕರಗಿದ ಸುಣ್ಣ ಆ ನೀರಿನೊಂದಿಗೇ ಹೊರಟುಬಿಡುತ್ತದೆ. ಪುಡಿಯಾಗುವುದೂ ಸಾಗುವುದೂ ಅಲ್ಲಿ ಒಟ್ಟೊಟ್ಟಿಗೇ ನಡೆಯುತ್ತವೆ. ನದಿಯೂ ಯಾರೋ ಸಡಿಲ ಮಾಡಿಕೊಡಲೆಂದು ಕಾಯುವುದಿಲ್ಲ. ಹಂಪಿಯ ಬಳಿ ನದಿಪಾತ್ರದ ಬಂಡೆಗಳಲ್ಲಿ ಕಾಣುವ ಗುಂಡಿಗಳು, ಸುಳಿಯೊಳಗೆ ಸಿಕ್ಕ ಬೆಣಚುಕಲ್ಲುಗಳು ತಿರುಗಿ ತಿರುಗಿ ಕೊರೆದವು. ಗಟ್ಟಿ ಗ್ರಾನೈಟನ್ನೇ ಉಜ್ಜಿ ಒಯ್ದ ಈ ಗುಂಡಿಗಳನ್ನು ಸವೆತದ ಲೆಕ್ಕಕ್ಕೇ ಬರೆಯಬೇಕು.