ಅಕ್ಕಿಯೂ ಬೇಕು, ನೆಂಟರೂ ಬೇಕು

ಹತ್ತನೇ ತರಗತಿಯ ಮಕ್ಕಳಿಗೆ ಗಾದೆಯೊಂದನ್ನು ವಿಸ್ತರಿಸಿ ಬರೆಯಲು ಹೇಳಿ ನೋಡಿ. ಎಷ್ಟೋ ಉತ್ತರಗಳು ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಶುರುವಾಗಿ, ಹಿರಿಯರ ಅನುಭವವನ್ನು ಹೊಗಳುತ್ತಾ ಹೋಗುತ್ತವೆ. ಆ ಪೀಠಿಕೆ ಯಾವ ಗಾದೆಗೂ ಹೊಂದುತ್ತದೆ. ಹಾಗಾಗಿ ಯಾವ ಗಾದೆಯನ್ನೂ ತಿಳಿಸುವುದಿಲ್ಲ.

‘ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬುದನ್ನೇ ತೆಗೆದುಕೊಳ್ಳೋಣ. ಮೊದಲ ಸಲ ಕೇಳುವ ಹುಡುಗನಿಗೆ ಇದರ ಪದಗಳೆಲ್ಲ ಗೊತ್ತು, ಮಾತು ಮಾತ್ರ ತಲೆಗೆ ಹತ್ತುವುದಿಲ್ಲ. ಅನ್ನವೂ ಇಷ್ಟ, ನೆಂಟರೂ ಇಷ್ಟ ಅಂದರೆ ತೊಂದರೆ ಏನು ಎಂದು ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾಗಿಯೇ ಇದೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕಣ್ಣುಬಿಟ್ಟ ಮಗುವಿಗೆ ಅಕ್ಕಿ ಎಂದರೆ ಪಡಿತರದ ಚೀಲದಲ್ಲಿ ಬರುವ ವಸ್ತು. ಹಳೇ ಮೈಸೂರಿನ ರಾಗಿ ಸೀಮೆಯಲ್ಲಿ ದಿನದ ಊಟ ಮುದ್ದೆಯಾಗಿದ್ದು, ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಎಷ್ಟೋ ಮನೆಗಳಲ್ಲಿ ಅನ್ನ ಬೇಯುತ್ತಿತ್ತು ಎಂಬುದನ್ನು ಅವನಿಗೆ ಮೊದಲು ಹೇಳಬೇಕು. ಆಗ ನೆಂಟರು ಬಾಗಿಲಿಗೆ ಬಂದರೆ ಮನೆಯಾಕೆಗೆ ಸಂತೋಷವೂ ಹೌದು, ಮಡಕೆಯ ತಳದಲ್ಲಿದ್ದ ಅಕ್ಕಿ ಖಾಲಿಯಾಗುತ್ತದಲ್ಲಾ ಎಂಬ ಸಂಕಟವೂ ಹೌದು.

ಇಷ್ಟಾದ ಮೇಲೆ ಅಕ್ಕಿ, ನೆಂಟರು ಎರಡನ್ನೂ ಬದಿಗಿಟ್ಟು ಬರೆಯಿಸಬೇಕು. ಹೀಗೆ ಬರೆಯಬಹುದು: ‘ಒಬ್ಬರ ಮೇಲೆ ನಮಗೆ ನಿಜವಾಗಿ ಪ್ರೀತಿ ಇರುತ್ತದೆ. ಆದರೆ ಅವರಿಗಾಗಿ ನಮ್ಮದೊಂದು ವಸ್ತುವನ್ನು ಬಿಟ್ಟುಕೊಡಬೇಕಾದಾಗ ಕೈ ಹಿಂದೆ ಸರಿಯುತ್ತದೆ. ಎರಡೂ ಉಳಿಯಲಿ ಎಂದು ಆಸೆಪಡುತ್ತೇವೆ, ಎರಡೂ ಒಟ್ಟಿಗೆ ಉಳಿಯುವುದಿಲ್ಲ.’ ನಾಲ್ಕು ಸಾಲು ಸಾಕು.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವುದು ‘ಇದು ಜಿಪುಣರ ಕುರಿತ ಗಾದೆ’ ಎಂದು ಬರೆದು. ಬರೀ ಜಿಪುಣನಾಗಿದ್ದರೆ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿರುತ್ತಿದ್ದ. ಪ್ರೀತಿ ಇರುವುದರಿಂದಲೇ ಈ ಪೇಚು. ಅರ್ಥವಾಗಿದೆಯೇ ಎಂದು ತಿಳಿಯಲು ವ್ಯಾಖ್ಯಾನ ಕೇಳುವುದಕ್ಕಿಂತ ಅವರದೇ ಒಂದು ಸಂದರ್ಭ ಹೇಳಿಸುವುದು ಮೇಲು. ಹೊಸ ಸೈಕಲ್ಲನ್ನು ಗೆಳತಿ ಕೇಳಿದಾಗ ಇಲ್ಲ ಎನ್ನಲಾಗದೆ, ‘ಈ ಬೀದಿ ದಾಟಬೇಡ ಕಣೇ’ ಎಂದು ಕೊಟ್ಟು, ಅವಳು ತಿರುಗಿ ಬರುವವರೆಗೂ ಗೇಟಿನಲ್ಲೇ ನಿಂತ ಹುಡುಗಿಯ ಕಥೆ ಹೇಳಿದರೆ ಗಾದೆ ಹಿಡಿತಕ್ಕೆ ಬಂದಿದೆ ಎಂದರ್ಥ. ಪರೀಕ್ಷೆಗೆ ಓದಿದ್ದರೂ ಟಿವಿ ನೋಡಲೋ ಬೇಡವೋ ಎನ್ನುವ ಹುಡುಗನ ಕಥೆ ಇದಕ್ಕೆ ಒಗ್ಗದು. ಅವನಲ್ಲಿ ಆಸೆ ಇದೆ, ನೆಂಟರಿಲ್ಲ.

‘ಅತ್ತ ದರಿ, ಇತ್ತ ಪುಲಿ’ಯನ್ನು ಪಕ್ಕದಲ್ಲಿಟ್ಟರೆ ಗೆರೆ ಇನ್ನೂ ಸ್ಪಷ್ಟ. ಅಲ್ಲೂ ಇಬ್ಬಂದಿಯೇ, ಆದರೆ ಎರಡೂ ಕಡೆ ಇರುವುದು ಭಯ. ಇಲ್ಲಿ ಎರಡೂ ಕಡೆ ಇರುವುದು ಬೇಕು ಎನ್ನಿಸುವ ವಸ್ತು, ಬೇಕು ಎನ್ನಿಸುವ ಜನ.